ನಾಲ್ಕನೇ ಘಟಕದ ಸ್ಲೈಡ್‌ಗಳಲ್ಲಿ ಬದಲಾದದ್ದೇನು?

ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ವಿದ್ಯಾರ್ಥಿಗಳಿಗೆ,

ನಾಲ್ಕನೇ ಘಟಕದ (ಹುಡುಕಾಟ ಮತ್ತು ವಿಂಗಡಣೆ) ಪರಿಷ್ಕೃತ ಸ್ಲೈಡ್‌ಗಳನ್ನು ನಿನ್ನೆ ಸಂಜೆ ತರಗತಿಯ ಫೋಲ್ಡರಿಗೆ ಹಾಕಿದ್ದೇನೆ. ಕಡತದ ಹೆಸರು `DS_Unit4_v2.pdf`. ಶನಿವಾರದ ಆಂತರಿಕ ಪರೀಕ್ಷೆಗೆ ಇದನ್ನೇ ಓದಿ. ಹಳೆಯ ಪ್ರತಿ ಮೊಬೈಲಿನಲ್ಲಿದ್ದರೆ ಅಳಿಸಿಬಿಡಿ, ಏಕೆಂದರೆ ಅದರಲ್ಲಿ ಒಂದು ನಿಜವಾದ ತಪ್ಪಿದೆ. ಆ ತಪ್ಪು ಪಠ್ಯಪುಸ್ತಕದ್ದಲ್ಲ, ಮೇಡಂ ಅವರದ್ದೂ ಅಲ್ಲ, ನನ್ನದು.

ಅದು ಇರುವುದು 9ನೇ ಸ್ಲೈಡಿನಲ್ಲಿ, ಬೈನರಿ ಸರ್ಚ್‌ನ ಲೂಪಿನಲ್ಲಿ. ನಾನು `while (low < high)` ಎಂದು ಬರೆದಿದ್ದೆ. ಅದು `while (low <= high)` ಆಗಬೇಕು. ಒಂದು ಚಿಹ್ನೆಯ ವ್ಯತ್ಯಾಸ ತಾನೇ ಎನ್ನಬೇಡಿ. ಸಕಲೇಶಪುರದ ಗೋದಾಮಿನ ಏಳು ಕಾಫಿ ಮೂಟೆಗಳ ಉದಾಹರಣೆ ನೆನಪಿದೆಯಲ್ಲ? ಸಂಖ್ಯೆಗಳು 12, 19, 27, 34, 48, 55, 63. ತರಗತಿಯಲ್ಲಿ ನಾನು 34ನ್ನೂ 55ನ್ನೂ ಹುಡುಕಿ ತೋರಿಸಿದೆ. ಎರಡೂ ಸಿಕ್ಕವು, ನೀವೂ ತಲೆಯಾಡಿಸಿದಿರಿ, ಮುಂದಿನ ಸ್ಲೈಡಿಗೆ ಹೋದೆವು. ಅರಸೀಕೆರೆಯಿಂದ ದಿನವೂ ರೈಲಿನಲ್ಲಿ ಬರುವ ನಿಮ್ಮ ಸಹಪಾಠಿಯೊಬ್ಬಳು ದಾರಿಯಲ್ಲಿ ಕಾಗದದ ಮೇಲೆ 63ನ್ನು ಹುಡುಕಿ ನೋಡಿದಳಂತೆ. ಮರುದಿನ ಲ್ಯಾಬಿನಲ್ಲಿ ಬಂದು, "ಮೇಡಂ, 63 ಸಿಗುತ್ತಿಲ್ಲ" ಎಂದಳು. ಲೆಕ್ಕ ತಪ್ಪಿರಬೇಕು, ಇನ್ನೊಮ್ಮೆ ಮಾಡು ಎಂದು ಕಳುಹಿಸಿದೆ. ಆಮೇಲೆ ನಾನೇ ಕುಳಿತು ಮಾಡಿದೆ. ತಪ್ಪಿದ್ದು ಅವಳ ಲೆಕ್ಕವಲ್ಲ.

ನೀವೂ ಮಾಡಿ ನೋಡಿ. `low` 0, `high` 6, ನಡುವಿನದು 34. ನಮಗೆ ಬೇಕಾದದ್ದು ದೊಡ್ಡದು, ಹಾಗಾಗಿ `low` 4 ಆಗುತ್ತದೆ. ಈಗ ನಡುವಿನದು 55. ಮತ್ತೆ ದೊಡ್ಡದೇ ಬೇಕು, `low` 6 ಆಗುತ್ತದೆ. `high` ಕೂಡ 6. ಉಳಿದಿರುವುದು ಒಂದೇ ಮೂಟೆ, ಅದೇ 63. ಆದರೆ 6 ಎನ್ನುವುದು 6ಕ್ಕಿಂತ ಚಿಕ್ಕದಲ್ಲವಾದ್ದರಿಂದ ಲೂಪ್ ಅಲ್ಲಿಯೇ ನಿಂತು `-1` ಕೊಟ್ಟುಬಿಡುತ್ತದೆ. ಬಾಗಿಲವರೆಗೆ ಹೋಗಿ ಕದ ತಟ್ಟದೆ ಹಿಂತಿರುಗಿದ ಹಾಗೆ. ಇದೇ ರೀತಿ 12, 27, 48 ಕೂಡ ಸಿಗುವುದಿಲ್ಲ. ಏಳರಲ್ಲಿ ನಾಲ್ಕು ಮೂಟೆ ನಾಪತ್ತೆ! ಗೋದಾಮಿನ ಯಜಮಾನ ಪೊಲೀಸರಿಗೆ ದೂರು ಕೊಟ್ಟಾನು. ಸಿಗುವ ಮೂರರಲ್ಲಿ ಎರಡನ್ನೇ ನಾನು ಉದಾಹರಣೆಗೆ ಆರಿಸಿಕೊಂಡಿದ್ದೆ ಎಂಬುದು ನನ್ನ ದುರದೃಷ್ಟವೋ ಸೋಮಾರಿತನವೋ ತಿಳಿಯದು.

ತಪ್ಪಾದದ್ದು ಹೇಗೆಂದರೆ, ಎರಡು ಪದ್ಧತಿಗಳನ್ನು ಬೆರೆಸಿಬಿಟ್ಟಿದ್ದೆ. `high = n` ಎಂದು ಆರಂಭಿಸಿ, ಎಡಕ್ಕೆ ಸರಿಯುವಾಗ `high = mid` ಎಂದು ಬರೆಯುವವರು `low < high` ಎಂದೇ ಬರೆಯಬೇಕು. ಅಲ್ಲಿ `high` ಎಂಬುದು ಕೊನೆಯ ಅಂಶದ ಆಚೆಗಿನ ಸ್ಥಾನ. `high = n - 1` ಎಂದು ಆರಂಭಿಸುವವರಿಗೆ `<=` ಬೇಕು. ಪರೀಕ್ಷೆಯಲ್ಲಿ ಯಾವುದನ್ನು ಬರೆದರೂ ಪೂರ್ಣ ಅಂಕ, ಆದರೆ ಒಂದನ್ನೇ ಕೊನೆಯವರೆಗೂ ಪಾಲಿಸಿರಬೇಕು. ಹೊಸ ಸ್ಲೈಡಿನಲ್ಲಿರುವುದು ಇದು:

```c
int low = 0, high = n - 1;
while (low <= high) {
    int mid = low + (high - low) / 2;
    if (a[mid] == key) return mid;
    if (a[mid] < key) low = mid + 1;
    else high = mid - 1;
}
return -1;
```

`mid` ಸಾಲೂ ಬದಲಾಗಿರುವುದನ್ನು ಗಮನಿಸಿ. ಹಿಂದೆ `(low + high) / 2` ಎಂದಿತ್ತು. ನಮ್ಮ ಏಳು ಮೂಟೆಗಳಿಗೆ ಎರಡೂ ಒಂದೇ. ಆದರೆ 32 ಬಿಟ್‌ನ `int` ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆ 2147483647. `low` 150 ಕೋಟಿ, `high` 160 ಕೋಟಿ ಇದ್ದರೆ ಮೊತ್ತ 310 ಕೋಟಿಯಾಗಿ ಮಿತಿ ಮೀರುತ್ತದೆ. ಹಾಗಾದಾಗ ಏನಾಗಬೇಕೆಂದು ಸಿ ಭಾಷೆ ಹೇಳುವುದೇ ಇಲ್ಲ; ಸಾಮಾನ್ಯವಾಗಿ ಋಣ ಸಂಖ್ಯೆ ಬಂದು, ಅರೇಯ ಹೊರಗೆಲ್ಲೋ ಕೈಹಾಕಿದಂತಾಗುತ್ತದೆ. ಅಷ್ಟು ದೊಡ್ಡ ಅರೇ ಯಾರು ಬಳಸುತ್ತಾರೆ ಎಂದು ನಗಬೇಡಿ. ಜಾವಾದ ಸ್ವಂತ ಲೈಬ್ರರಿಯಲ್ಲೇ ಇದೇ ದೋಷ ವರ್ಷಗಟ್ಟಲೆ ಅಡಗಿದ್ದು, 2006ರಲ್ಲಿ ಬಯಲಿಗೆ ಬಂತು. 10ನೇ ಸ್ಲೈಡಿನಲ್ಲಿ ಈ ಲೆಕ್ಕ ವಿವರವಾಗಿದೆ.

14ನೇ ಸ್ಲೈಡಿನ (ಹಳೆಯ 13) ಕೋಷ್ಟಕದಲ್ಲಿ, 1000 ಅಂಶಗಳಿಗೆ ನಡುವಿನ ಅಂಶವನ್ನು ಗರಿಷ್ಠ 9 ಬಾರಿ ಹೋಲಿಸಬೇಕೆಂದಿತ್ತು. 10 ಎಂದು ತಿದ್ದಿಕೊಳ್ಳಿ. ಹತ್ತು ಲಕ್ಷಕ್ಕೆ 20. ತಮಾಷೆಯೆಂದರೆ, ನನ್ನ ಹಳೆಯ ಕೋಡಿಗೆ 9 ಎಂಬುದೇ ಸರಿಯಾದ ಉತ್ತರ: ಕೊನೆಯ ಹೋಲಿಕೆಯನ್ನು ಅದು ಮಾಡುತ್ತಲೇ ಇರಲಿಲ್ಲ.

12ನೇ ಸ್ಲೈಡ್ ಪೂರ್ತಿ ಹೊಸದು. ಟೆಲಿಫೋನ್ ಡೈರೆಕ್ಟರಿಯ ಉದಾಹರಣೆ ಕೊಟ್ಟಾಗ ಅರ್ಧ ತರಗತಿ ಮಿಕಿಮಿಕಿ ನೋಡಿತು. ನಿಮ್ಮಲ್ಲಿ ಹಲವರು ಅದನ್ನು ಕಂಡೇ ಇಲ್ಲ. ಹಾಗಾಗಿ 3ನೇ ಸ್ಲೈಡಿನಲ್ಲಿ ಅದರ ಬದಲು ಕನ್ನಡ ನಿಘಂಟನ್ನು ತಂದೆ. ತಂದ ಮೇಲೆ ಇನ್ನೊಂದು ತೊಡಕು ಕಾಣಿಸಿತು, ಅದನ್ನೇ 12ರಲ್ಲಿ ಹಾಕಿದ್ದೇನೆ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಗೆ ಬರುತ್ತದೆ: ಲ, ವ, ಶ, ಷ, ಸ, ಹ, ಳ. ಯೂನಿಕೋಡಿನಲ್ಲಿ 'ಲ' `U+0CB2`, 'ಳ' `U+0CB3`. ಎಂದರೆ 'ಲ' ಆದ ಕೂಡಲೇ 'ಳ'. ಈಗ ಕಲೆ, ಕವಿ, ಕಸ, ಕಹಿ, ಕಳೆ ಎಂಬ ಪಟ್ಟಿಯಲ್ಲಿ 'ಕಳೆ'ಯನ್ನು `strcmp` ಬಳಸಿ ಹುಡುಕಿ. ನಡುವೆ ಇರುವ 'ಕಸ'ಕ್ಕಿಂತ 'ಕಳೆ' ಚಿಕ್ಕದು ಎಂದು ಕಂಪ್ಯೂಟರ್ ಎಡಕ್ಕೆ ಹೋಗುತ್ತದೆ. ಪದ ಇರುವುದು ಬಲ ತುದಿಯಲ್ಲಿ! ಕೋಡಿನಲ್ಲಿ ಯಾವ ದೋಷವೂ ಇಲ್ಲ, ಪಟ್ಟಿಯೂ ನಮ್ಮ ಕಣ್ಣಿಗೆ ಸರಿಯಾದ ಕ್ರಮದಲ್ಲೇ ಇದೆ. ಪಟ್ಟಿ ಜೋಡಿಸಿದ ಕ್ರಮ ಒಂದು, ಹುಡುಕುವಾಗ ಹೋಲಿಸುವ ಕ್ರಮ ಇನ್ನೊಂದು. "ಅರೇ ವಿಂಗಡಣೆಯಾಗಿರಬೇಕು" ಎಂದು ಬಾಯಿಪಾಠ ಮಾಡಿದವರು, "ಯಾವ ಕ್ರಮದಲ್ಲಿ" ಎಂಬುದನ್ನೂ ಸೇರಿಸಿಕೊಳ್ಳಿ. ಇದರ ಮೇಲೆ ಎರಡು ಅಂಕದ ಪ್ರಶ್ನೆ ಬಂದರೆ ಆಶ್ಚರ್ಯಪಡಬೇಡಿ.

ಬಬಲ್ ಸಾರ್ಟ್ ಚಿತ್ರಗಳಲ್ಲಿ ಬಣ್ಣ ಮಾತ್ರ ಬದಲಾಗಿದೆ. ಹಸಿರಿನ ಮೇಲಿನ ಕೆಂಪು ಅಕ್ಷರ ಹಿಂದಿನ ಬೆಂಚಿನವರಿಗೆ ಕಾಣುತ್ತಿರಲಿಲ್ಲ. ವಿಷಯ ಅದೇ.

ಒಂದು ಸ್ಲೈಡ್ ಸೇರಿದ್ದರಿಂದ ಹಳೆಯ 12ರಿಂದ ಮುಂದಿನವೆಲ್ಲ ಒಂದೊಂದು ಮುಂದಕ್ಕೆ ಹೋಗಿವೆ. ಅಸೈನ್‌ಮೆಂಟಿನ ಮೂರನೇ ಪ್ರಶ್ನೆಯಲ್ಲಿ "ಸ್ಲೈಡ್ 17 ನೋಡಿ" ಎಂದಿರುವುದನ್ನು 18 ಎಂದು ಓದಿಕೊಳ್ಳಿ. ಈಗಾಗಲೇ ಜೆರಾಕ್ಸ್ ಮಾಡಿಸಿಕೊಂಡವರು ಎಲ್ಲವನ್ನೂ ಮತ್ತೆ ಮಾಡಿಸಿ ದುಡ್ಡು ಕಳೆಯಬೇಡಿ. 3, 9, 10, 12, 14 ಈ ಐದು ಪುಟ ಸಾಕು.

ಲ್ಯಾಬ್ ರೆಕಾರ್ಡಿನಲ್ಲಿ ಹಳೆಯ ಕೋಡನ್ನೇ ಬರೆದವರು ಪುಟ ಹರಿಯಬೇಡಿ. ತಪ್ಪು ಸಾಲಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಅಂಕ ಕಳೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ಲ್ಯಾಬಿನಲ್ಲೇ ಇರುತ್ತೇನೆ. ರೈಲಿಗೆ ಹೋಗಬೇಕಾದವರು ಮೊದಲು ಬನ್ನಿ. ಇನ್ನೂ ಯಾವುದಾದರೂ ಮೂಟೆ ಸಿಗದಿದ್ದರೆ ಕಾಗದದ ಸಮೇತ ಬನ್ನಿ, ಈ ಸಲ ಹಿಂದಕ್ಕೆ ಕಳುಹಿಸುವುದಿಲ್ಲ.

ನಿಮ್ಮ ಬೋಧನಾ ಸಹಾಯಕಿ
ಕಂಪ್ಯೂಟರ್ ಸೈನ್ಸ್ ವಿಭಾಗ, ಹಾಸನ