ಭಿನ್ನರಾಶಿಗಳ ಹೋಲಿಕೆ ಮತ್ತು ಕ್ರಮ: ಮಾಡಿದ ಲೆಕ್ಕ ತಪಾಸಣೆಯ ಅಭ್ಯಾಸ ಹಾಳೆ

6ನೇ ತರಗತಿ, ಗಣಿತ | ಸಮಯ: 40 ನಿಮಿಷ | ಅಂಕ: 20

ಭಾಗ ಅ-ದಲ್ಲಿ ಏಳು ಲೆಕ್ಕಗಳನ್ನು ಬಿಡಿಸಿ ಕೊಟ್ಟಿದೆ. ಕೆಲವು ಸರಿ, ಕೆಲವು ತಪ್ಪು. ಉತ್ತರ ಸರಿಯಿದ್ದೂ ದಾರಿ ತಪ್ಪಿದವೂ ಇವೆ. ಆದ್ದರಿಂದ ಕೊನೆಯ ಸಾಲನ್ನಷ್ಟೇ ನೋಡಿ ಟಿಕ್ ಹಾಕಬೇಡಿ. ಮೊದಲು ಎಡವಿದ ಸಾಲಿಗೆ ಗೆರೆ ಎಳೆಯಿರಿ, ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ, ಲೆಕ್ಕವನ್ನು ಸರಿಪಡಿಸಿ.

ನೆನಪಿಗೆ

ಸಮಛೇದ ಮಾಡುವಾಗ ಛೇದವನ್ನು ಎಷ್ಟರಿಂದ ಗುಣಿಸುತ್ತೇವೋ ಅಂಶವನ್ನೂ ಅಷ್ಟರಿಂದಲೇ ಗುಣಿಸಬೇಕು.

ಅಡ್ಡ ಗುಣಾಕಾರವೂ ಸಮಛೇದವೇ. ಛೇದವನ್ನು ಬರೆಯುವುದಿಲ್ಲ, ಅಷ್ಟೇ. 3/5 ಮತ್ತು 4/7 ತೆಗೆದುಕೊಳ್ಳಿ. 3 × 7 = 21, 4 × 5 = 20. ಈ 21 ಮತ್ತು 20 ನಿಜವಾಗಿ 21/35 ಮತ್ತು 20/35ರ ಅಂಶಗಳು. 21 ಬಂದದ್ದು 3/5ರ ಅಂಶದಿಂದ, ಹಾಗಾಗಿ ಅದನ್ನು 3/5ರ ತಲೆಯ ಮೇಲೆಯೇ ಬರೆಯಬೇಕು. 3/5 > 4/7.

ಭಾಗ ಅ: ತಪಾಸಣೆ ಮಾಡಿ (7 × 2 = 14)

1. 5/6 ಮತ್ತು 7/9
ಲ.ಸಾ.ಅ. = 18
5/6 = 5/18, 7/9 = 7/18
ಆದ್ದರಿಂದ 7/9 ದೊಡ್ಡದು.

2. 3/8 ಮತ್ತು 5/12
3 × 12 = 36, 5 × 8 = 40
12ರ ಕಡೆಗೆ 36, 8ರ ಕಡೆಗೆ 40
ಆದ್ದರಿಂದ 3/8 > 5/12.

3. 4/7 ಮತ್ತು 5/8
4/7 = 32/56, 5/8 = 35/56
ಆದ್ದರಿಂದ 4/7 < 5/8.

4. 2/3, 3/5, 7/10 – ಏರಿಕೆ ಕ್ರಮ
ಸಾಮಾನ್ಯ ಛೇದ = 3 × 5 × 10 = 150
100/150, 90/150, 105/150
3/5 < 2/3 < 7/10.

5. 5/6, 3/4, 7/8 – ಏರಿಕೆ ಕ್ರಮ
5/6, 3/4: 20 > 18, ಆದ್ದರಿಂದ 5/6 > 3/4
3/4, 7/8: 24 < 28, ಆದ್ದರಿಂದ 3/4 < 7/8
3/4 < 5/6 < 7/8.

6. 2 1/3 ಮತ್ತು 1 7/8
1 × 8 = 8, 7 × 3 = 21
ಆದ್ದರಿಂದ 1 7/8 ದೊಡ್ಡದು.

7. 1000 ಲೀಟರ್ ಟ್ಯಾಂಕಿನಲ್ಲಿ 3/5 ಭಾಗ ನೀರಿದೆ, 750 ಲೀಟರ್ ಟ್ಯಾಂಕಿನಲ್ಲಿ 2/3 ಭಾಗ. ಯಾವುದರಲ್ಲಿ ನೀರು ಹೆಚ್ಚು?
3 × 3 = 9, 2 × 5 = 10
2/3 > 3/5, ಆದ್ದರಿಂದ ಎರಡನೇ ಟ್ಯಾಂಕಿನಲ್ಲಿ ಹೆಚ್ಚು.

ಭಾಗ ಆ: ನೀವೇ ಬಿಡಿಸಿ (2 × 3 = 6)

8. 7/12, 5/9, 11/18 – ಇವನ್ನು ಸಮಛೇದ ಮಾಡಿ ಇಳಿಕೆ ಕ್ರಮದಲ್ಲಿ ಬರೆಯಿರಿ. ಉತ್ತರದಲ್ಲಿ ಮೂಲ ಭಿನ್ನರಾಶಿಗಳೇ ಇರಲಿ.

9. 4/9 ಮತ್ತು 3/7 – ಎರಡೂ ವಿಧಾನಗಳಿಂದ ಹೋಲಿಸಿ. ಎರಡರಲ್ಲೂ ಒಂದೇ ಸಂಖ್ಯೆಗಳು ಬಂದದ್ದೇಕೆ?

ಉತ್ತರ ಮತ್ತು ತಿದ್ದುವವರಿಗೆ ಸೂಚನೆ

1. ತಪ್ಪು, ಎರಡನೇ ಸಾಲು. ಛೇದ ಮಾತ್ರ ಬದಲಾಗಿದೆ. 15/18 > 14/18, ಆದ್ದರಿಂದ 5/6 ದೊಡ್ಡದು.

2. ತಪ್ಪು, ಎರಡನೇ ಸಾಲು. ಗುಣಾಕಾರದಲ್ಲಿ ದೋಷವಿಲ್ಲ, ಗುಣಲಬ್ಧಗಳು ಅದಲುಬದಲಾಗಿವೆ. ಬಾಣದ ಗೆರೆ ಎಳೆದು ಅದು ಮುಗಿಯುವ ಛೇದದ ಬಳಿ ಉತ್ತರ ಬರೆಯುವ ಮಕ್ಕಳಲ್ಲಿ ಇದು ಸಾಮಾನ್ಯ. ಗುಣಾಕಾರಕ್ಕೆ 1 ಅಂಕ ಕೊಡಿ. ನಂತರ 9/24, 10/24 ಎಂದು ಅವರಿಂದಲೇ ಬರೆಸಿ. 5/12 ದೊಡ್ಡದೆಂದು ಅವರಿಗೇ ಕಾಣುತ್ತದೆ.

3. ಸರಿ.

4. ಸರಿ. ಲ.ಸಾ.ಅ. 30 ಸಾಕಿತ್ತು (20/30, 18/30, 21/30), ಆದರೆ ಯಾವ ಸಾಮಾನ್ಯ ಛೇದವಾದರೂ ಕ್ರಮ ಬದಲಾಗದು. ಇದಕ್ಕೆ ಅಂಕ ಕಳೆಯಬೇಡಿ.

5. ಉತ್ತರ ಸರಿ, ಲೆಕ್ಕ ಅಪೂರ್ಣ. ಎರಡು ಹೋಲಿಕೆಗಳಿಂದ 3/4 ಎಲ್ಲಕ್ಕಿಂತ ಚಿಕ್ಕದೆಂದಷ್ಟೇ ಗೊತ್ತಾಯಿತು. 5/6 ಮತ್ತು 7/8ರ ಹೋಲಿಕೆ ನಡೆದೇ ಇಲ್ಲ: 5 × 8 = 40, 7 × 6 = 42. ಇದೇ ದಾರಿಯಲ್ಲಿ 9/10, 3/4, 7/8 ಕೊಟ್ಟು ನೋಡಿ. ಆ ಎರಡು ಹೋಲಿಕೆಗಳಲ್ಲೂ 3/4 ಚಿಕ್ಕದೇ, ಆದರೆ ಈಗ ಕೊನೆಗೆ ನಿಲ್ಲುವುದು 7/8 ಅಲ್ಲ, 9/10 (72 > 70). ಮೂರನೇ ಹೋಲಿಕೆ ಬಿಟ್ಟವರಿಗೆ 1 ಅಂಕ.

6. ತಪ್ಪು, ಮೊದಲ ಸಾಲು. ಪೂರ್ಣಾಂಕಗಳನ್ನು ಕೈಬಿಟ್ಟಿದ್ದಾರೆ. 2 > 1, ಅಲ್ಲಿಗೇ ಮುಗಿಯಿತು. ಅಡ್ಡ ಗುಣಾಕಾರವೇ ಬೇಕೆಂದರೆ 7/3, 15/8 ಮಾಡಿಕೊಳ್ಳಲಿ: 56 > 45.

7. ತಪ್ಪು, ಕೊನೆಯ ಸಾಲು. 2/3 > 3/5 ನಿಜ, ಆದರೆ ಟ್ಯಾಂಕುಗಳು ಒಂದೇ ಅಳತೆಯವಲ್ಲ. 600 ಲೀಟರ್, 500 ಲೀಟರ್, ಮೊದಲನೆಯದರಲ್ಲೇ ಹೆಚ್ಚು.

8. ಲ.ಸಾ.ಅ. 36: 21/36, 20/36, 22/36. 11/18 > 7/12 > 5/9. ಏರಿಕೆ ಕ್ರಮದಲ್ಲಿ ಬರೆದಿದ್ದರೆ 2 ಅಂಕ.

9. 28/63 > 27/63. ಅಡ್ಡ ಗುಣಾಕಾರದಲ್ಲೂ 28, 27. ಆದ್ದರಿಂದ 4/9 ದೊಡ್ಡದು. 9 ಮತ್ತು 7ಕ್ಕೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ, ಹಾಗಾಗಿ ಅವುಗಳ ಲ.ಸಾ.ಅ. ಮತ್ತು ಗುಣಲಬ್ಧ ಎರಡೂ 63. ಮೊದಲ ಲೆಕ್ಕದಲ್ಲಿ ಹಾಗಲ್ಲ: ಅಡ್ಡ ಗುಣಿಸಿದರೆ 45, 42, ಅಂದರೆ 15 ಮತ್ತು 14ರ ಮೂರು ಪಟ್ಟು; ಅಲ್ಲಿ ಅಡಗಿರುವ ಛೇದ 54.