ದೊಡ್ಡಮ್ಮ ಕಳಿಸಿದ ಯೋಗದ ಚಾರ್ಟ್: ಹಾಸನದಿಂದ ಒಂದು ವಾಯ್ಸ್ ಮೆಸೇಜು

ದೊಡ್ಡಮ್ಮಾ, ನೀವು ಕಳಿಸಿದ ಫೋಟೋ ಬಂತು. ಈಗಷ್ಟೇ ಪೇಷಂಟ್‌ಗಳು ಮುಗಿದ್ರು. ಟೈಪ್ ಮಾಡಿದ್ರೆ ನೀವು ಕನ್ನಡಕ ಹುಡುಕ್ಬೇಕು, ಅದಕ್ಕೆ ಮಾತಾಡೇ ಕಳಿಸ್ತಿದೀನಿ. ದೊಡ್ಡಪ್ಪನ್ನೂ ಪಕ್ಕಕ್ಕೆ ಕೂರಿಸ್ಕೊಳಿ, ಅವ್ರಿಗೆ ಹೇಳೋದೇ ಜಾಸ್ತಿ ಇದೆ.

ಒಂದೇ ಹಾಳೇಲಿ ಮೂರು ವಿಷಯ ತುಂಬಿದಾರೆ. ಮಧ್ಯದಲ್ಲಿ ಗಡಿಯಾರದ ಅಂಕಿ ಥರ ಸುತ್ತ ಇರೋ 12 ಚಿತ್ರ ಸೂರ್ಯ ನಮಸ್ಕಾರ. ಅದರ ಕೆಳಗಿನ ಎರಡು ಸಾಲು ಬಿಡಿ ಬಿಡಿ ಆಸನಗಳು. ಬಲಗಡೆ ಹಳದಿ ಪಟ್ಟೀಲಿ ಇರೋದು ಪ್ರಾಣಾಯಾಮ. ಒಂದು ಮೂಲೇಲಿ ಟ್ಯೂಬ್‌ಲೈಟ್ ಹೊಡೆದು ಬರೀ ಬಿಳಿ ಕಾಣ್ತಿದೆ, ಅಲ್ಲಿ ಇರೋದು ಶವಾಸನ. ಅದು ಕಾಣದಿದ್ರೂ ನಷ್ಟ ಇಲ್ಲ.

ಚಿತ್ರದ ಪಕ್ಕ ನೀಲಿ ಬಾಣ ಮೇಲಕ್ಕೆ ಇದ್ರೆ ಉಸಿರು ಒಳಗೆ, ಕೆಂಪು ಬಾಣ ಕೆಳಕ್ಕೆ ಇದ್ರೆ ಹೊರಗೆ. 6ನೇ ಚಿತ್ರಕ್ಕೆ ಮಾತ್ರ ಬಾಣ ಇಲ್ಲ, ಅಡ್ಡಗೆರೆ ಇದೆ ನೋಡಿ. ಉಸಿರು ಹಿಡಿದು ನಿಲ್ಲಿಸಿ ಅಂತ ಅದರ ಅರ್ಥ. ನೀವಿಬ್ರೂ ಅದನ್ನ ಮಾಡೋದೇ ಬೇಡ. ಉಸಿರು ಕಟ್ಟಿ ಮುಕ್ಕಿದ್ರೆ ಬಿಪಿ ಏರುತ್ತೆ. ಯಾವ ಆಸನ ಆದ್ರೂ ಉಸಿರು ಆಡ್ತಾನೇ ಇರ್ಬೇಕು, ಮಾಡ್ತಾ ಮಾಡ್ತಾ ನಾಕು ಮಾತಾಡೋಕೆ ಆಗ್ಬೇಕು. ಮಾತಾಡೋಕೆ ಆಗ್ತಿಲ್ಲ ಅಂದ್ರೆ ಜೋರಾಯ್ತು, ಕಮ್ಮಿ ಮಾಡಿ.

ತೀರಾ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಏನಿದೆ ಅಂತ ಕೇಳಿದ್ರಲ್ಲ, ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರೋರು, ಇತ್ತೀಚೆಗೆ ಆಪರೇಷನ್ ಆದೋರು ಡಾಕ್ಟರನ್ನ ಕೇಳಿ ಮಾಡಿ ಅಂತ ಇದೆ. ಮೊದಲು ಓದ್ಬೇಕಾದ್ದನ್ನ ಕೊನೇಲಿ ಹಾಕಿದಾರೆ, ಅದೂ ಇಂಗ್ಲಿಷಲ್ಲಿ. ಆ ಚಿತ್ರದಲ್ಲಿರೋ ಹುಡುಗನ್ನ ನೋಡಿ, 25 ದಾಟಿರ್ಲಿಕ್ಕಿಲ್ಲ. ಅವನು ಬಗ್ಗೋ ಹಾಗೇ ಬಗ್ಬೇಕು ಅಂತ ಏನಿಲ್ಲ.

ಈಗ ದೊಡ್ಡಪ್ಪಾ, ನಿಮಗೆ. ನೀವು ಗ್ಲಾಕೋಮಾಗೆ ದಿನಾ ಕಣ್ಣಿಗೆ ಡ್ರಾಪ್ಸ್ ಹಾಕ್ತೀರ. ಕಣ್ಣಿನ ಒಳಗಿನ ಒತ್ತಡ ಇಳಿಸೋಕೆ ಆ ಡ್ರಾಪ್ಸು. ತಲೆ ಎದೆಗಿಂತ ಕೆಳಗೆ ಹೋದ್ರೆ ಅದೇ ಒತ್ತಡ ಏರುತ್ತೆ. ಹಾಗಾಗಿ 3 ಮತ್ತು 10ನೇ ಚಿತ್ರ, ಅಂದ್ರೆ ಕೈ ನೆಲಕ್ಕೆ ಮುಟ್ಟಿಸೋ ಪಾದಹಸ್ತಾಸನ, ಬೇಡ. 8ನೇದು, ಸೊಂಟ ಮೇಲೆತ್ತಿ ತಲೆ ಕೆಳಗೆ ಬಿಡೋ ಪರ್ವತಾಸನ, ಅದೂ ಬೇಡ. ಕೆಳಗಿನ ಸಾಲಲ್ಲಿ ಸರ್ವಾಂಗಾಸನ, ಹಲಾಸನ ಇವೆಯಲ್ಲ, ಆ ಕಡೆ ತಿರುಗಿಯೂ ನೋಡ್ಬೇಡಿ. ಅದ್ರಲ್ಲಿ ಇಡೀ ಮೈ ಭಾರ ಕತ್ತು, ಹೆಗಲ ಮೇಲೆ ಬೀಳುತ್ತೆ, ಬಿಪಿ ಬೇರೆ. ಚಿಕ್ಕಂದಲ್ಲಿ ಶೀರ್ಷಾಸನ ಹಾಕ್ತಿದ್ದೆ ಅಂತ ನೀವು ಹೇಳ್ತೀರ, ಗೊತ್ತು. ಆವಾಗ ಹಾಕಿದ್ದು ಆವಾಗಿಗೆ ಆಯ್ತು.

ಇನ್ನೊಂದು, ಬಿಪಿ ಮಾತ್ರೆ ತಗೊಳೋರಿಗೆ ಮಲಗಿದ್ದೋರು ಫಕ್ಕನೆ ಎದ್ರೆ ಕಣ್ಣು ಕತ್ತಲೆ ಬರ್ಬಹುದು. ಶವಾಸನ ಆದ್ಮೇಲೆ ಪಕ್ಕಕ್ಕೆ ಹೊರಳಿ, ಕೈ ಊರಿ ಎದ್ದು ಕೂತ್ಕೊಳಿ, ಒಂದು ನಿಮಿಷ ಸುಧಾರಿಸ್ಕೊಂಡು ನಿಂತ್ಕೊಳಿ. ಹೀಗೆ ತಲೆ ತಿರುಗೋದು ಪದೇ ಪದೇ ಆಗ್ತಿದ್ರೆ ನೀವೇ ಮಾತ್ರೆ ನಿಲ್ಲಿಸ್ಬೇಡಿ, ಡಾಕ್ಟರಿಗೆ ಹೇಳಿ.

ದೊಡ್ಡಮ್ಮ, ನಿಮ್ಮದು ಮಂಡಿ ಮತ್ತು ಮೂಳೆ. ಹೋದ ವರ್ಷ ಬಚ್ಚಲಲ್ಲಿ ಸುಮ್ನೆ ಜಾರಿದ್ದಕ್ಕೆ ಮಣಿಕಟ್ಟು ಮುರೀತಲ್ಲ, ಅಷ್ಟಕ್ಕೇ ಮುರಿದಿದೆ ಅಂದ್ರೆ ಮೂಳೆ ಸವೆದಿರ್ಬಹುದು ಅಂತ ಎಣಿಸ್ಬೇಕು. ಅಂಥವರು ಬೆನ್ನು ಗೂನು ಮಾಡಿ ಮುಂದಕ್ಕೆ ಬಗ್ಗಿದ್ರೆ, ಜೋರಾಗಿ ತಿರುಚಿದ್ರೆ ಬೆನ್ನುಮೂಳೆ ಕುಸಿಯೋ ಭಯ ಇರುತ್ತೆ. ಕೂತು ಕಾಲ್ಬೆರಳು ಹಿಡಿಯೋ ಪಶ್ಚಿಮೋತ್ತಾನಾಸನ ನಿಮಗೆ ಬೇಡ. 5, 6ನೇ ಚಿತ್ರದಲ್ಲಿ ಮೈ ಭಾರ ಅಂಗೈ ಮೇಲೆ ಬರುತ್ತೆ, ಅವೂ ಬೇಡ. ವಜ್ರಾಸನ ಊಟ ಆದ್ಮೇಲೆ ಒಳ್ಳೇದು ಅಂತ ಎಲ್ರೂ ಹೇಳ್ತಾರೆ, ಆದ್ರೆ ಸವೆದ ಮಂಡಿಗೆ ಅಷ್ಟು ಮಡಿಸೋದೇ ಶಿಕ್ಷೆ. ಬಿಟ್ಬಿಡಿ.

ಚಾರ್ಟಲ್ಲಿ ಖಾಲಿ ಹೊಟ್ಟೇಲಿ ಮಾಡಿ ಅಂತ ದಪ್ಪ ಅಕ್ಷರದಲ್ಲಿದೆ. ಶುಗರ್ ಮಾತ್ರೆ ತಗೊಳೋ ನಿಮಗೆ ಆ ಮಾತು ಅನ್ವಯ ಆಗಲ್ಲ. ಒಂದು ಇಡ್ಲಿಯೋ ಎರಡು ಬಿಸ್ಕತ್ತೋ ತಿಂದು ಸ್ವಲ್ಪ ಹೊತ್ತು ಬಿಟ್ಟು ಮಾಡಿ. ಮಧ್ಯದಲ್ಲಿ ಕೈ ನಡುಗಿ ತಣ್ಣಗೆ ಬೆವರಿದ್ರೆ ಕೂತ್ಬಿಡಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡೀರಿ, 15 ನಿಮಿಷ ಕಾಯಿರಿ. ಹೋಗ್ಲಿಲ್ಲ ಅಂದ್ರೆ ಇನ್ನೊಂದು ಸಲ ಕುಡೀರಿ, ನಂಗೆ ಫೋನ್ ಮಾಡಿ.

ಹಾಗಾದ್ರೆ ಉಳಿದಿದ್ದೇನು ಅಂತ ಬೇಜಾರಾಗ್ಬೇಡಿ. ಸೂರ್ಯ ನಮಸ್ಕಾರನ ಕುರ್ಚಿ ಮೇಲೆ ಮಾಡಿ. ಪ್ಲಾಸ್ಟಿಕ್ ಕುರ್ಚಿ ಅಲ್ಲ, ಹಾಲಲ್ಲಿರೋ ಮರದ ಕುರ್ಚಿ, ಗೋಡೆಗೆ ಒತ್ತಿ ಹಾಕಿ. ಪಾದ ಎರಡೂ ನೆಲಕ್ಕೆ ಊರಿರ್ಲಿ. 1ನೇ ಚಿತ್ರದಂಗೆ ಕೈ ಮುಗೀರಿ. 2ನೇದು, ಉಸಿರು ತಗೊಂಡು ಎರಡೂ ಕೈ ಮೇಲೆತ್ತಿ, ಹಿಂದಕ್ಕೆ ಬಾಗ್ಬೇಡಿ. 3ನೇದರ ಬದ್ಲು ಕೈ ತೊಡೆ ಮೇಲಿಟ್ಟು, ಬೆನ್ನು ನೆಟ್ಟಗೆ ಇಟ್ಕೊಂಡೇ ಸೊಂಟದಿಂದ ಸ್ವಲ್ಪ ಮುಂದಕ್ಕೆ ವಾಲಿ, ಮುಖ ಎದುರಿಗೇ ಇರ್ಲಿ. 4ನೇದರ ಬದ್ಲು ಒಂದೊಂದೇ ಮಂಡಿ ಮೇಲೆತ್ತಿ ಇಳಿಸಿ. ಅಲ್ಲಿಂದ ವಾಪಸ್ ಕೈ ಮುಗಿಯೋಕೆ ಬನ್ನಿ. ಮೊದಲ ವಾರ ದಿನಕ್ಕೆ ಮೂರು ಸುತ್ತು ಸಾಕು.

ಕೆಳಗಿನ ಸಾಲಲ್ಲಿ ಒಂಟಿ ಕಾಲಲ್ಲಿ ನಿಂತಿದಾನಲ್ಲ, ವೃಕ್ಷಾಸನ, ಅದನ್ನ ಮಾತ್ರ ಬಿಡ್ಬೇಡಿ. ವಯಸ್ಸಾದೋರಿಗೆ ಬೀಳೋದೇ ದೊಡ್ಡ ಕಂಟಕ. ಅದಕ್ಕೇ ವಾರಕ್ಕೆ ಮೂರು ದಿನನಾದ್ರೂ ಬ್ಯಾಲೆನ್ಸ್ ಮಾಡಿ ನಿಲ್ಲೋ ಅಭ್ಯಾಸ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳುತ್ತೆ. ಅಡಿಗೆ ಕಟ್ಟೆ ಹಿಡ್ಕೊಂಡು ನಿಂತ್ಕೊಳಿ, ಒಂದು ಹಿಮ್ಮಡಿ ಎತ್ತಿ ಇನ್ನೊಂದು ಕಾಲಿನ ಹರಡಿಗೆ ತಾಗಿಸಿ, ಬೆರಳು ನೆಲ ಬಿಡೋದು ಬೇಡ. ಪಾದನ ತೊಡೆವರೆಗೂ ಏರಿಸೋದು ಅವನ ಕೆಲಸ. ಒಬ್ರು ಮಾಡುವಾಗ ಇನ್ನೊಬ್ರು ಪಕ್ಕದಲ್ಲಿರಿ.

ಪ್ರಾಣಾಯಾಮದಲ್ಲಿ ಮೇಲಿರೋ ಕಪಾಲಭಾತಿ ಇಬ್ರಿಗೂ ಬೇಡ, ಹೊಟ್ಟೆ ಎಳೆದು ಎಳೆದು ಉಸಿರು ತಳ್ಳೋದು ಬಿಪಿಗೂ ಆಗಲ್ಲ, ಕಣ್ಣಿಗೂ ಆಗಲ್ಲ. ಅನುಲೋಮ ವಿಲೋಮ, ಭ್ರಾಮರಿ ಧಾರಾಳವಾಗಿ ಮಾಡಿ. 4, 16, 8 ಅಂತ ಲೆಕ್ಕ ಬರೆದಿದಾರೆ, ಮಧ್ಯದ 16 ಉಸಿರು ಹಿಡಿಯೋ ಲೆಕ್ಕ. ಅದನ್ನ ಬಿಟ್ಬಿಡಿ, ಬರೀ ತಗೊಳೋದು, ಬಿಡೋದು.

ಜಾಗದ ಮಾತು. ನಿಮ್ಮ ಮನೆ ಕೆಂಪು ನೆಲ ಸಕಲೇಶಪುರದ ಮಳೆಗೆ ಬೆವರುತ್ತೆ, ಚಾಪೆ ಹಾಸಿದ್ರೂ ಚಾಪೆ ಸಮೇತ ಜಾರ್ತೀರ. ಒಣಬಟ್ಟೇಲಿ ಒರೆಸಿ, ಸಾಕ್ಸ್ ಬಿಚ್ಚಿ. ಚಳೀಲಿ ಐದು ಗಂಟೆಗೆ ಏಳೋ ಹರಕೆ ಏನಿಲ್ಲ, ಬಿಸಿಲು ಬಂದ್ಮೇಲೆ ಹಿತ್ಲಲ್ಲಿ ನಾಕು ಹೆಜ್ಜೆ ನಡೆದು ಮೈ ಬೆಚ್ಚಗಾದ್ಮೇಲೆ ಶುರು ಮಾಡಿ. ಮೊಬೈಲ್ ಕೈಲಿ ಹಿಡ್ಕೊಂಡು ಚಿತ್ರ ನೋಡ್ತಾ ಮಾಡ್ಬೇಡಿ.

ಮೈ ಎಳೆದಂಗೆ ಆಗೋದು ಸರಿ, ಚುಚ್ಚಿದಂಗೆ ಆದ್ರೆ ನಿಲ್ಲಿಸಿ. ಎದೆ ಹಿಸುಕಿದಂಗೆ ಆಯ್ತು, ನೋವು ಭುಜಕ್ಕೋ ದವಡೆಗೋ ಹರೀತು, ಉಸಿರು ಸಿಗ್ತಿಲ್ಲ ಅಂದ್ರೆ ಗ್ಯಾಸ್ಟ್ರಿಕ್ ಇರ್ಬೇಕು ಅಂತ ಜೀರಿಗೆ ನೀರು ಕುಡ್ಕೊಂಡು ಕೂರ್ಬೇಡಿ, 108ಕ್ಕೆ ಫೋನ್ ಮಾಡಿ.

ದೊಡ್ಡಪ್ಪ ಮುಂದಿನ ಸಲ ಕಣ್ಣಿನ ಡಾಕ್ಟರ ಹತ್ರ ಹೋದಾಗ ಈ ಫೋಟೋ ತೋರಿಸ್ಲಿ. ಭಾನುವಾರ ವಿಡಿಯೋ ಕಾಲ್ ಮಾಡ್ತೀನಿ, ಕುರ್ಚಿ ಗೋಡೆಗೆ ಹಾಕಿ ರೆಡಿ ಇರಿ.