ಆಂಜನೇಯಸ್ವಾಮಿ ದೇವಸ್ಥಾನದ ಹೆಸರಿನಲ್ಲಿ ಚಂದಾ ಕೇಳುವವರ ಬಗ್ಗೆ ಭಕ್ತರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಕಳೆದ ಮಂಗಳವಾರ ಮಧ್ಯಾಹ್ನ ನಮ್ಮ ಬಡಾವಣೆಯ ನಾಲ್ಕೈದು ಮನೆಗಳಿಗೆ ಇಬ್ಬರು ಬಂದು, ಗೋಪುರದ ಜೀರ್ಣೋದ್ಧಾರಕ್ಕೆಂದು 501, 1,001 ರೂಪಾಯಿ ವಸೂಲು ಮಾಡಿದ್ದಾರೆ. ಅವರು ದೇವಸ್ಥಾನದ ಕಡೆಯವರಲ್ಲ. ಸಮಿತಿಯು ಯಾರನ್ನೂ ಮನೆ ಮನೆಗೆ ಕಳುಹಿಸಿಲ್ಲ, ಕಾರ್ತಿಕ ದೀಪೋತ್ಸವಕ್ಕೂ ಕಳುಹಿಸುವುದಿಲ್ಲ.

ಅವರು ಕೊಟ್ಟ ಒಂದು ರಸೀದಿ ಈಗ ನಮ್ಮ ಕೈಯಲ್ಲಿದೆ. ಮೇಲೆ ನಮ್ಮ ಗೋಪುರದ ಚಿತ್ರವೇನೋ ಇದೆ. ಆದರೆ ಅದು ಬಣ್ಣ ಬಳಿಯುವುದಕ್ಕೆ ಮುಂಚಿನದು. ಕ್ರಮಸಂಖ್ಯೆಯಿಲ್ಲ, ಮೊಹರಿಲ್ಲ. ನಮ್ಮ ರಸೀದಿಯಲ್ಲಿ ಎರಡೂ ಇರುತ್ತವೆ, ಅದರ ಪ್ರತಿ ಪುಸ್ತಕದಲ್ಲೇ ಉಳಿಯುತ್ತದೆ. ಅವರು ತೋರಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮೊಬೈಲಿನಲ್ಲಿ ಬರುವುದು ಯಾವುದೋ ವ್ಯಕ್ತಿಯ ಹೆಸರು. ಹಣ ಕಳುಹಿಸುವ ಮುನ್ನ ಆ ಹೆಸರನ್ನು ಒಮ್ಮೆ ಓದಿ. ದೇವಸ್ಥಾನದ ಖಾತೆ ದೇವಸ್ಥಾನದ ಹೆಸರಿನಲ್ಲೇ ಇದೆ.

ಯಾರಾದರೂ ಬಂದು ಕೇಳಿದರೆ, "ದೇವಸ್ಥಾನಕ್ಕೇ ಬಂದು ಕೊಡುತ್ತೇವೆ" ಎಂದರೆ ಸಾಕು. ಅವರೇ ಕೊಟ್ಟ ನಂಬರಿಗೆ ಕರೆ ಮಾಡಿ ವಿಚಾರಿಸಬೇಡಿ. ಕಚೇರಿಯ ಫಲಕದಲ್ಲಿರುವ ನಂಬರಿಗೆ ಮಾಡಿ. ಈ ಮಾತನ್ನು ಹಗಲು ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ದಯವಿಟ್ಟು ಬಾಯಿಮಾತಿನಲ್ಲೇ ತಿಳಿಸಿ. ದೇವರ ಹೆಸರು ಹೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಅವರ ಮನಸ್ಸು ಒಪ್ಪುವುದಿಲ್ಲ. ಬಂದವರಿಗೆ ಅದು ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ ನಮಗೆ ಇದಕ್ಕಿಂತ ಮುಖ್ಯ. ಶಂಖ, ಜಾಗಟೆ ಹಿಡಿದು ಬರುವ ದಾಸಯ್ಯನವರು, ಕಿನ್ನರಿ ನುಡಿಸುವ ಜೋಗಿಗಳು, ತಮ್ಮೂರ ಜಾತ್ರೆಗೆ ಪಟ್ಟಿ ಎತ್ತಲು ಬರುವ ಹಳ್ಳಿಯವರು ಇವರೆಲ್ಲ ನಮ್ಮ ಬೀದಿಗಳಲ್ಲಿ ಓಡಾಡುವುದು ಹೊಸದಲ್ಲ. ಅವರನ್ನು ಅನುಮಾನದಿಂದ ನೋಡಬೇಡಿ. ಅಪರಿಚಿತರ ಫೋಟೊ ತೆಗೆದು "ಕಳ್ಳರು ಬಂದಿದ್ದಾರೆ" ಎಂದು ವಾಟ್ಸಾಪ್‌ನಲ್ಲಿ ಹಾಕುವುದು, ತಡೆದು ನಿಲ್ಲಿಸಿ ಗದರುವುದು ಖಂಡಿತ ಬೇಡ. 2018ರಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ಹರಡಿ ಬೀದರ್ ಜಿಲ್ಲೆಯಲ್ಲಿ ಒಬ್ಬ ನಿರಪರಾಧಿಯ ಪ್ರಾಣವೇ ಹೋಯಿತು. ನಮ್ಮಲ್ಲಿ ಈವರೆಗೆ ಬಂದವರು ಯಾರನ್ನೂ ಬೆದರಿಸಿಲ್ಲ, ಮನೆಯೊಳಗೆ ನುಗ್ಗಿಲ್ಲ. ಗಾಬರಿಯಾಗುವಂಥದ್ದೇನೂ ಇಲ್ಲ. ಒತ್ತಾಯ ಮಾಡಿದರೆ ಮಾತ್ರ 112ಕ್ಕೆ ಕರೆ ಮಾಡಿ.

ಈಗಾಗಲೇ ಹಣ ಕೊಟ್ಟಿದ್ದೀರಾ? ಸಂಕೋಚ ಬೇಡ, ಭಕ್ತಿಯಿಂದ ಕೊಟ್ಟಿದ್ದೀರಿ. ಮೊಬೈಲಿನಿಂದ ಕಳುಹಿಸಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಗದು ಕೊಟ್ಟಿದ್ದರೆ ರಸೀದಿ ಹರಿಯದೆ ನಮಗೆ ತಂದುಕೊಡಿ. ಠಾಣೆಗೆ ಸಮಿತಿಯಿಂದ ದೂರು ಕೊಟ್ಟಿದ್ದೇವೆ, ನಿಮ್ಮ ರಸೀದಿಯನ್ನೂ ಅದಕ್ಕೆ ಸೇರಿಸುತ್ತೇವೆ.

ಕಚೇರಿ ಬೆಳಿಗ್ಗೆ 7ರಿಂದ 11, ಸಂಜೆ 5ರಿಂದ 8ರವರೆಗೆ ತೆರೆದಿರುತ್ತದೆ. ಅರ್ಚಕರ ಬಳಿಯೂ ಕೇಳಬಹುದು.

ಕಾರ್ಯದರ್ಶಿ,
ದೇವಸ್ಥಾನ ಸಮಿತಿಯ ಪರವಾಗಿ